ಮಾರಾಟ ಏರಲಿಲ್ಲ, ಲಾಭ ಮಾತ್ರ 15 ಲಕ್ಷ

ಪೀಣ್ಯದ ಒಂದು ಗೇರ್ ಪಂಪ್ ಕಾರ್ಖಾನೆಯಲ್ಲಿ ಮಾರ್ಚ್ ತಿಂಗಳಲ್ಲಿ ಮುಂದಿನ ವರ್ಷದ ಬಜೆಟ್ ಹಾಕಲು ಕೂತಿದ್ದೆವು. ಮಾರಾಟದವರು ವರ್ಷಕ್ಕೆ 15,000 ಪಂಪ್ ಎಂದರು, ಅದರ ಮೇಲೆ ಒಂದನ್ನೂ ಒಪ್ಪಿಕೊಳ್ಳಲಿಲ್ಲ. ಆ ಲೆಕ್ಕಕ್ಕೆ ಲಾಭ ಸೊನ್ನೆ. ಆಗ ಪ್ರೊಡಕ್ಷನ್ ಮ್ಯಾನೇಜರ್, "ಸರ್, ಮಷಿನ್ ಸುಮ್ನೆ ನಿಂತಿರುತ್ತೆ. 20,000 ಮಾಡಿಬಿಡೋಣ, ಕಾಸ್ಟ್ ತಾನಾಗೇ ಇಳಿಯುತ್ತೆ" ಎಂದರು. ಬ್ಯಾಂಕಿನ ದಿನದ ವ್ಯವಹಾರಕ್ಕೆ ಕೊಡುವ ಸಿಸಿ ಸಾಲದ ಲಿಮಿಟ್ ನವೀಕರಣ ಹತ್ತಿರ ಬಂದಿದ್ದ ಮಾಲೀಕರ ಕಿವಿ ನೆಟ್ಟಗಾಯಿತು.

ಮ್ಯಾನೇಜರ್ ಹೇಳಿದ್ದು ಸುಳ್ಳೇನಲ್ಲ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಪಂಪ್ ಬೆಲೆ 1,100 ರೂಪಾಯಿ. ಎರಕ, ಬೇರಿಂಗ್, ಸೀಲ್, ಕೂಲಿ ಸೇರಿ ಒಂದಕ್ಕೆ 700. ಬಾಡಿಗೆ, ಸೂಪರ್‌ವೈಸರ್ ಸಂಬಳ, ಸವಕಳಿ ಹೀಗೆ ಕಾರ್ಖಾನೆಯ ಸ್ಥಿರ ವೆಚ್ಚ ವರ್ಷಕ್ಕೆ 60 ಲಕ್ಷ. 15,000 ಮಾಡಿದರೆ ಪ್ರತಿ ಪಂಪಿನ ಮೇಲೆ 400 ರೂಪಾಯಿ ಸ್ಥಿರ ವೆಚ್ಚ ಕೂರುತ್ತದೆ, ಅಸಲು 1,100, ಉಳಿಯುವುದೇನಿಲ್ಲ. 20,000 ಮಾಡಿದರೆ ಆ 400 ಇಳಿದು 300 ಆಗುತ್ತದೆ, ಅಸಲು 1,000. ಮಾರಿದ 15,000ಕ್ಕೆ ನೂರರಂತೆ 15 ಲಕ್ಷ ಲಾಭ!

ಈ 15 ಲಕ್ಷ ಎಲ್ಲಿಂದ ಬಂತು ಎಂದು ನೋಡಲು ಗೋಡೌನ್‌ಗೆ ಹೋಗಬೇಕು. ಅಲ್ಲಿ ಮಾರಾಟವಾಗದ 5,000 ಪಂಪ್ ಇರುತ್ತವೆ, ಒಂದೊಂದರ ಮೈಮೇಲೆ 300 ರೂಪಾಯಿಯ ಬಾಡಿಗೆ, ಸಂಬಳ, ಸವಕಳಿ. ಸ್ಥಿರ ವೆಚ್ಚವನ್ನೂ ಮಾಲಿನ ಅಸಲಿಗೆ ಸೇರಿಸುವ ಅಬ್ಸಾರ್ಪ್ಷನ್ ಕಾಸ್ಟಿಂಗ್‌ನಲ್ಲಿ ಆ ಮೊತ್ತ ಈ ವರ್ಷದ ಖರ್ಚಾಗದೆ ಬ್ಯಾಲೆನ್ಸ್ ಶೀಟಿನ ಸ್ಟಾಕ್‌ನಲ್ಲಿ ಹೋಗಿ ಕೂತುಬಿಡುತ್ತದೆ. ಸ್ಥಿರ ವೆಚ್ಚವನ್ನೆಲ್ಲ ಆಯಾ ವರ್ಷದ ಖರ್ಚಿಗೇ ಬರೆಯುವ ಮಾರ್ಜಿನಲ್ ಕಾಸ್ಟಿಂಗ್‌ನಲ್ಲಿ ನೋಡಿದರೆ ಎರಡೂ ಯೋಜನೆಯಲ್ಲಿ ಲಾಭ ಸೊನ್ನೆಯೇ.

ನಗದಿನ ಕಥೆ ಉಲ್ಟಾ. ಆ 5,000 ಪಂಪ್ ಮಾಡಲು 35 ಲಕ್ಷ ಕೈಯಿಂದ ಹೋಗುತ್ತದೆ. ಶೇಕಡಾ 11ರ ಬಡ್ಡಿಯಲ್ಲಿ ಅದನ್ನು ಪೂರ್ತಿ ವರ್ಷ ಹೊತ್ತರೆ 3.85 ಲಕ್ಷ. ಮಾರದ ಮಾಲಿನಿಂದ ಹುಟ್ಟಿದ ಲಾಭಕ್ಕೆ ತೆರಿಗೆಯನ್ನೂ ನಗದಾಗಿಯೇ ಕಟ್ಟಬೇಕು. ಬ್ಯಾಂಕಿಗೆ ತೋರಿಸಲು ಮಾಡಿದ ಲಾಭ ಬ್ಯಾಂಕಿನಿಂದಲೇ ಸಾಲ ತೆಗೆಸುತ್ತದೆ. ಮೇಲೆ ಸ್ಟಾಕ್ ಆಡಿಟ್‌ಗೆ ಬಂದವರು ಅಲ್ಲಾಡದ ಮಾಲನ್ನು ಸ್ಟಾಕ್ ನೋಡಿ ಬ್ಯಾಂಕ್ ಸಾಲ ತೆಗೆಯಲು ಬಿಡುವ ಮೊತ್ತವಾದ ಡ್ರಾಯಿಂಗ್ ಪವರ್‌ನಿಂದ ಕಳೆದರೆ ಅದೂ ಹೋಯಿತು.

"ಆಡಿಟರ್ ಒಪ್ಪಲ್ಲ ಅಲ್ವಾ?" ಎಂದು ಮಾಲೀಕರು ಕೇಳಿದರು. ಇಲ್ಲೇ ಹಲವರು ಎಡವುತ್ತಾರೆ. ಸ್ಟಾಕ್ ಬೆಲೆ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್ 2 ಪ್ರಕಾರ ಸ್ಥಿರ ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು. ಇಲ್ಲಿ ಅದು 20,000, ಅಂದರೆ ದರ 300. ಕೆಲಸ ಕಡಿಮೆಯಾದ ವರ್ಷ ಆ ದರವನ್ನು ಏರಿಸಿ ಸ್ಟಾಕನ್ನು ಉಬ್ಬಿಸುವಂತಿಲ್ಲ, ಹಂಚಿಕೆಯಾಗದೆ ಉಳಿದದ್ದು ಆ ವರ್ಷದ ಖರ್ಚು. ಆದರೆ 15,000ದಿಂದ 20,000ಕ್ಕೆ ಏರಿಸಿ ಗೋಡೌನ್ ತುಂಬುವುದನ್ನು ಆ ನಿಯಮ ತಡೆಯುವುದಿಲ್ಲ. ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ ಅಸಲಿಗಿಂತ ಕೆಳಗಿಳಿದರೆ ಮಾತ್ರ ಸ್ಟಾಕ್ ಬೆಲೆ ಇಳಿಸಬೇಕಾಗುತ್ತದೆ. ಹಾಗಾಗಿ ಲೆಕ್ಕ ಕಾನೂನುಬದ್ಧವಾಗಿಯೇ ಇರುತ್ತದೆ. ಅಪಾಯ ಇರುವುದೂ ಅದರಲ್ಲೇ.

ಮರುವರ್ಷದ ಕಾಲಂ ಬರೆದಾಗ ಮಾತು ನಿಂತಿತು. ಮಾರಾಟ ಮತ್ತೆ 15,000 ಎಂದುಕೊಳ್ಳಿ. ಸ್ಟಾಕ್ ಕರಗಿಸಲು 10,000 ಮಾತ್ರ ಮಾಡಿದರೆ, ಆ ವರ್ಷದ 60 ಲಕ್ಷದ ಜೊತೆಗೆ ಹಳೆಯ 15 ಲಕ್ಷವೂ ಖರ್ಚಿಗೆ ಬಂದು 15 ಲಕ್ಷ ನಷ್ಟ. 15,000 ಮಾಡಿದರೆ ಲಾಭ ಸೊನ್ನೆ, ಗೋಡೌನ್‌ನಲ್ಲಿ 5,000 ಹಾಗೇ. ಮತ್ತೆ 15 ಲಕ್ಷ ತೋರಿಸಬೇಕೆಂದರೆ ಮತ್ತೆ 20,000 ಮಾಡಿ ಸ್ಟಾಕನ್ನು 10,000ಕ್ಕೆ ಏರಿಸಬೇಕು.

ಇನ್ನೊಂದು ಚಾಳಿ ಶಾಪ್‌ಫ್ಲೋರ್‌ನಲ್ಲಿ ಇದ್ದವರಿಗಷ್ಟೇ ಕಾಣುತ್ತದೆ. ಓವರ್‌ಹೆಡ್ಡನ್ನು ಮಷಿನ್ ಗಂಟೆಯ ಲೆಕ್ಕದಲ್ಲಿ ಹಂಚುವ ಕಡೆ, ಸ್ಟಾಕ್‌ಗೆ ಹೆಚ್ಚು ಸ್ಥಿರ ವೆಚ್ಚ ಹೋಗಲೆಂದು ತಿಂಗಳ ಕೊನೆಗೆ ಹೆಚ್ಚು ಮಷಿನ್ ಸಮಯ ತಿನ್ನುವ ಭಾಗಗಳನ್ನೇ ಆರಿಸಿ ಓಡಿಸುತ್ತಾರೆ. ಸಿಎನ್‌ಸಿಯಲ್ಲಿ ಬಹಳ ಹೊತ್ತು ತಿರುಗುವ ಬಾಡಿ ರ‍್ಯಾಕ್ ತುಂಬ ಇರುತ್ತದೆ, ಗ್ರಾಹಕ ದಿನಾ ಫೋನ್ ಮಾಡಿ ಕೇಳುವ ಪುಟ್ಟ ಕವರ್ ಪ್ಲೇಟ್ ಇರುವುದಿಲ್ಲ. ಅನುಮಾನ ಬಂದರೆ ವರ್ಕ್ ಆರ್ಡರ್‌ಗಳ ಎದುರು ಗ್ರಾಹಕರ ಖರೀದಿ ಆದೇಶವಾದ ಪಿಒ ಇಟ್ಟು ನೋಡಿ. ಪಿಒ ಇಲ್ಲದ ವರ್ಕ್ ಆರ್ಡರ್‌ಗಳು ತಿಂಗಳ ಕೊನೆಯ ವಾರದಲ್ಲೇ ಗುಂಪುಗೂಡಿದ್ದರೆ ವಿಷಯ ಅರ್ಥವಾಗುತ್ತದೆ.

ಕೊನೆಗೆ ನಿರ್ಧಾರವಾಗಿದ್ದು 15,800. ಹಬ್ಬದ ರಜೆಗಳಿಗೂ ಎರಕ ತಡವಾಗಿ ಬರುವ ವಾರಗಳಿಗೂ 800 ಪಂಪ್ ಕೈಯಲ್ಲಿರಲಿ ಎಂದು. ಇದರಿಂದಲೂ 300ರ ದರದಲ್ಲಿ 2.4 ಲಕ್ಷ ಲಾಭ ಕಾಣುತ್ತದೆ. ತಿಂಗಳ ವರದಿಯಲ್ಲಿ ಲಾಭದ ಕೆಳಗೇ "ಸ್ಟಾಕ್‌ನಲ್ಲಿರುವ ಸ್ಥಿರ ವೆಚ್ಚದ ಏರಿಳಿತ" ಎಂಬ ಸಾಲು ಸೇರಿಸಿ ಆ ಮೊತ್ತವನ್ನು ಬೇರೆಯಾಗಿ ತೋರಿಸುವಂತೆ ಮಾಡಿದೆವು. ಪ್ರೊಡಕ್ಷನ್ ಮ್ಯಾನೇಜರ್ ಬೋನಸ್ಸಿಗೆ ಆ ಸಾಲನ್ನು ಕಳೆದ ನಂತರದ ಲಾಭವೇ ಆಧಾರ ಎಂದಾಗ, ಅವರೇ 800 ಸ್ವಲ್ಪ ಜಾಸ್ತಿಯಾಯ್ತೇನೋ ಎಂದರು.