ಆಯುಧ ಪೂಜೆಯ ಮುನ್ನಾದಿನ

30 ಸೆಪ್ಟೆಂಬರ್ 2025, ಮಂಗಳವಾರ, ದುರ್ಗಾಷ್ಟಮಿ

ಸಂಜೆ ಅಂಗಡಿಯಲ್ಲಿ ತಂಗಿಯ ಮಗ ಫೋನು ತಂದು ತೋರಿಸಿದ. ಚಾಮುಂಡೇಶ್ವರಿಯ ಚಿತ್ರ, ಪಕ್ಕದಲ್ಲಿ ನಮ್ಮ ಅಂಗಡಿಯ ಲಾಂಛನ, ಕೆಳಗೆ ಮೊಬೈಲ್ ಸಂಖ್ಯೆ, ಅದರ ಕೆಳಗೆ ‘ಎಲ್ಲ ಬಗೆಯ ಕಟಿಂಗ್ ಟೂಲ್ಸ್ ಮತ್ತು ಕೂಲೆಂಟ್ ದೊರೆಯುತ್ತದೆ’ ಎಂಬ ಸಾಲು. “ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ ಹಾಕಿಬಿಡಲೇ, ಮಾವ?” ಎಂದು ಕೇಳಿದ. ಬೇಡವೆಂದೆ. ಆ ಲಿಸ್ಟಿನಿಂದ ಕಳಿಸಿದ್ದು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ, ಹೊಸ ಗಿರಾಕಿಗಳಲ್ಲಿ ಅನೇಕರು ಉಳಿಸಿಕೊಂಡಿರುವುದಿಲ್ಲ. ತಲುಪಿದರೂ, ನಾಳೆ ಬೆಳಗಿನಿಂದ ಪೀಣ್ಯ ಕೈಗಾರಿಕಾ ಪ್ರದೇಶದ ಪ್ರತಿಯೊಬ್ಬ ಶಾಪಿನ ಯಜಮಾನರ ಫೋನಿಗೂ ಅಂಥದ್ದೇ ಚಿತ್ರಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಹುಡುಗರಿಗೆಲ್ಲ ಕಡ್ಲೆಪುರಿ ಹಂಚುವ ಗಡಿಬಿಡಿಯಲ್ಲಿ ಅವನ್ನು ತೆರೆದು ನೋಡುವವರು ಯಾರು?

“ಹಾಗಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವುದು ಹೇಗೆ?” ಎಂದ. ಡೆಲಿವರಿ ಚಲನ್ ಪುಸ್ತಕವನ್ನು ಅವನ ಮುಂದಿಟ್ಟೆ. ಈ ವರ್ಷ ಯಾರು ಯಾವ ತಿಂಗಳಲ್ಲಿ ಏನು ತರಿಸಿಕೊಂಡರು ಎಂಬುದೆಲ್ಲ ಅದರಲ್ಲಿದೆ. ಒಮ್ಮೆ ಬಂದು ಒಂದು ಡ್ರಿಲ್ ಬಿಟ್ ಕೊಂಡುಹೋದವರಿಗೆ ಏನನ್ನೂ ಕಳಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ವ್ಯವಹಾರವಿರುವವರಿಗೆ ಮಾತ್ರ, ಅವರ ಶಾಪಿನಲ್ಲಿ ಈ ವರ್ಷ ನಡೆದ ಒಂದೇ ಒಂದು ಸಂಗತಿಯನ್ನು ಹಿಡಿದು ಬರೆದರೆ ಸಾಕು.

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಹಳೆಯ ಗಿರಾಕಿಯೊಬ್ಬರಿಂದಲೇ ಶುರುಮಾಡಿದೆವು. ಅವರು ಶ್ರಾವಣದಲ್ಲಿ ಹೊಸ ಮಿಲ್ಲಿಂಗ್ ಮೆಷೀನ್ ಹಾಕಿಸಿದ್ದಾರೆ. ಹುಡುಗ ಮೊದಲು ಬರೆದದ್ದು, “ತಮಗೂ ತಮ್ಮ ಕುಟುಂಬದವರಿಗೂ ಆಯುಧ ಪೂಜೆಯ ಹಾರ್ದಿಕ ಶುಭಾಶಯಗಳು, ತಮ್ಮ ಉದ್ದಿಮೆಯು ಉತ್ತರೋತ್ತರ ಅಭಿವೃದ್ಧಿ ಹೊಂದಲಿ.” ಹೆಸರು ಬದಲಿಸಿದರೆ ಇದು ಪಕ್ಕದ ಶೆಡ್ಡಿಗೂ ಸರಿಹೊಂದುತ್ತದೆಯೇ ಎಂದು ಕೇಳಿದೆ. ಹೊಂದುತ್ತದೆ ಎಂದು ಅವನೇ ಒಪ್ಪಿಕೊಂಡು ಅಳಿಸಿದ. ಕೊನೆಗೆ ಉಳಿದದ್ದು ಇಷ್ಟು (ಹೆಸರಿನ ಜಾಗದಲ್ಲಿ ಚುಕ್ಕಿ ಇಟ್ಟಿದ್ದೇನೆ):

“…ಅಣ್ಣಾವ್ರೇ, ನಾಳೆ ನಿಮ್ಮ ಹೊಸ ಮೆಷೀನಿಗೆ ಮೊದಲ ಆಯುಧ ಪೂಜೆ. ಅದನ್ನು ಕ್ರೇನಿನಿಂದ ಇಳಿಸಿದ ದಿನ ನಾನೂ ಅಲ್ಲೇ ನಿಂತಿದ್ದೆ. ತಾಯಿ ಚಾಮುಂಡಿ ನಿಮಗೂ, ಅದನ್ನು ನಡೆಸುವ ಹುಡುಗರಿಗೂ ಒಳ್ಳೆಯದು ಮಾಡಲಿ.”

ಕೆಳಗೆ ನನ್ನ ಹೆಸರು ಮಾತ್ರ, ಅಂಗಡಿಯದಲ್ಲ. ಅವರ ಹೆಸರು ಮೊದಲಲ್ಲೇ ಇರಬೇಕು, ಏಕೆಂದರೆ ಫೋನಿನ ಪರದೆಯ ಮೇಲೆ ಮೊದಲ ಕೆಲವು ಪದಗಳಷ್ಟೇ ಕಾಣಿಸುತ್ತವೆ ಮತ್ತು ತೆರೆಯಬೇಕೋ ಬೇಡವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಬೇರೆಯವರಿಂದ ಬಂದದ್ದನ್ನೇ ಮುಂದಕ್ಕೆ ತಳ್ಳಿದರೆ ನೆತ್ತಿಯ ಮೇಲೆ ‘Forwarded’ ಎಂಬ ಗುರುತು ಬೀಳುತ್ತದೆ, ಆಮೇಲೆ ಎಷ್ಟು ಆತ್ಮೀಯವಾಗಿ ಬರೆದಿದ್ದರೂ ವ್ಯರ್ಥ. ಕಳಿಸುವುದಾದರೆ ಇವತ್ತೇ ಕಳಿಸಬೇಕು. ಶಾಪುಗಳಲ್ಲಿ ಲೋಹದ ಚಿಪ್ಸ್ ಗುಡಿಸಿ, ಮೆಷೀನುಗಳನ್ನು ಒರೆಸಿ ನಿಲ್ಲಿಸುವ ಈ ಸಂಜೆ ಯಜಮಾನರಿಗೆ ಫೋನು ನೋಡುವಷ್ಟು ಬಿಡುವಿರುತ್ತದೆ.

ಹುಡುಗ ಉತ್ಸಾಹದಲ್ಲಿ ಮತ್ತೊಬ್ಬರಿಗೆ, “ಆಗಸ್ಟಿನಲ್ಲಿ ವಾಪಸಾದ ಲಾಟು ಸರಿಹೋಯಿತಲ್ಲ, ಸಂತೋಷ” ಎಂದು ಬರೆಯಹೊರಟಿದ್ದ. ತಡೆದೆ. ನಮಗೆ ಗೊತ್ತಿರುವುದನ್ನೆಲ್ಲ ಹಬ್ಬದ ದಿನ ನೆನಪಿಸಬಾರದು. ಜಾಬ್ ರಿಜೆಕ್ಟ್ ಆದದ್ದು, ಬ್ಯಾಂಕಿನ ಸಾಲ, ಬಿಟ್ಟುಹೋದ ಪಾಲುದಾರ, ಇವೆಲ್ಲ ಅವರೇ ಎತ್ತಿದರೆ ಮಾತಾಡುವ ವಿಷಯಗಳು. ಬಾಕಿಯ ಮಾತಂತೂ ಕೂಡದು. ಶುಭಾಶಯದ ಬೆನ್ನಿಗೇ ಬಿಲ್ಲು ಬಂದರೆ ಶುಭಾಶಯ ಬಿಲ್ಲಿಗಾಗಿಯೇ ಬಂತೆಂದು ಓದಿಕೊಳ್ಳುತ್ತಾರೆ. ವಿಜಯದಶಮಿ ಕಳೆದ ಮೇಲೆ, ಶನಿವಾರವೋ ಸೋಮವಾರವೋ, ಬೇರೆಯಾಗಿ ಕೇಳಿದರಾಯಿತು.

ಇಷ್ಟರವರೆಗೆ ಸುಲಭವಾಗಿತ್ತು. ಮುಂದಿನ ಪುಟದಲ್ಲಿ, ಆಷಾಢದಲ್ಲಿ ತಂದೆಯನ್ನು ಕಳೆದುಕೊಂಡ ಗಿರಾಕಿಯ ಹೆಸರು ಬಂತು. ಅವರ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಬ್ರಾಡ್‌ಕಾಸ್ಟ್ ಮಾಡಿದ್ದರೆ ಅವರಿಗೂ ಅದೇ ದೇವಿಯ ಚಿತ್ರ, ಅದೇ ‘ಹಾರ್ದಿಕ ಶುಭಾಶಯಗಳು’ ಹೋಗಿಬಿಡುತ್ತಿತ್ತು. ಅವರನ್ನು ಬಿಟ್ಟುಬಿಡೋಣವೆಂದು ಹುಡುಗ ಹೇಳಿದ. ಆದರೆ ಎಲ್ಲರೂ ಹಾಗೆಯೇ ಬಿಟ್ಟುಬಿಟ್ಟರೆ ನಾಳೆ ಇಡೀ ದಿನ ಅವರಿಗೆ ಯಾರ ಮಾತೂ ಇರುವುದಿಲ್ಲ, ಅದು ನನ್ನ ಮನಸ್ಸಿಗೆ ಒಪ್ಪಲಿಲ್ಲ. “ಈ ಸಲ ಹಬ್ಬವಿಲ್ಲವೆಂದು ಗೊತ್ತು. ಅಮ್ಮನವರು ಹೇಗಿದ್ದಾರೆ? ಗುರುವಾರ ಕಳೆದ ಮೇಲೆ ಬಂದು ಕಾಣುತ್ತೇನೆ,” ಎಂದು ಬರೆದೆ. ‘ಹಬ್ಬವಿಲ್ಲವೆಂದು ಗೊತ್ತು’ ಎಂಬುದನ್ನು ಹೇಳಬೇಕೇ, ಅಥವಾ ನೇರವಾಗಿ ಅಮ್ಮನವರನ್ನು ವಿಚಾರಿಸಿದರೆ ಸಾಕೇ ಎಂದು ಯೋಚಿಸುತ್ತಿದ್ದೇನೆ. ಅವರ ಶಾಪಿನ ಹುಡುಗರು ಹೇಗೂ ಮೆಷೀನಿಗೊಂದು ಹೂವಾದರೂ ಇಡುತ್ತಾರೆ.