ಆಫರ್ ಲೆಟರ್ ಬಂದ ವಾರ

ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಕೂತು ನಾನು ಮಾಡುತ್ತಿದ್ದದ್ದು ಪ್ಯಾಕೇಜಿಂಗ್ ಡಿಸೈನ್ ಕೆಲಸ. ಮಸಾಲೆ ಪೌಚು, ಚಹಾ ಡಬ್ಬಿ, ಹಬ್ಬದ ಗಿಫ್ಟ್ ಬಾಕ್ಸು, ಇಂಥವು. ಆಗ ಲೋವರ್ ಪರೇಲ್‌ನ ಒಂದು ಕಂಪನಿಯಿಂದ ಕೆಲಸಕ್ಕೆ ಕರೆ ಬಂತು. ವರ್ಷಕ್ಕೆ 14 ಲಕ್ಷ. ಉತ್ತರ ಕೊಡಲು ಒಂದು ವಾರ ಸಮಯ.

14 ಲಕ್ಷವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1.17 ಲಕ್ಷ ಬರುತ್ತದೆ. ಆದರೆ ಕೈಗೆ ಬರುವುದು ಅಷ್ಟಲ್ಲ. ಪತ್ರವನ್ನು ಬಿಡಿಸಿ ನೋಡಿದೆ. ಅದರಲ್ಲಿ 1.4 ಲಕ್ಷ ವೇರಿಯಬಲ್ ಪೇ, ಸಿಕ್ಕರೆ ಸಿಕ್ಕಿತು. ಬೇಸಿಕ್ 7 ಲಕ್ಷ. ಅದರ ಶೇ. 12ರಷ್ಟು, ಅಂದರೆ 84 ಸಾವಿರ, ಕಂಪನಿ ಕಟ್ಟುವ ಪಿಎಫ್. ಗ್ರಾಚ್ಯುಟಿ ಹೆಸರಲ್ಲಿ ಇನ್ನೊಂದು 33 ಸಾವಿರ ಚಿಲ್ಲರೆ. ಇವೆಲ್ಲ ತೆಗೆದು, ತಿಂಗಳಿಗೆ ನನ್ನ ಪಾಲಿನ ಪಿಎಫ್ 7 ಸಾವಿರ, ಪ್ರೊಫೆಷನಲ್ ಟ್ಯಾಕ್ಸ್ 200 ಕಳೆದರೆ ತಿಂಗಳಿಗೆ ಹತ್ತಿರ ಹತ್ತಿರ 88 ಸಾವಿರ ಉಳಿಯುತ್ತದೆ. ಪಿಎಫ್ ನನ್ನದೇ ದುಡ್ಡು, ನಿಜ. ಆದರೆ ಈ ತಿಂಗಳ ಇಎಂಐ ಕಟ್ಟಲು ಅದು ಬರುವುದಿಲ್ಲ ಅಲ್ವಾ?

ಇನ್ನು ನನ್ನ ಸ್ವಂತ ಸಂಪಾದನೆ. ಹಿಂದಿನ ವರ್ಷದ ಸರಾಸರಿ ತಿಂಗಳಿಗೆ ಒಂದು ಲಕ್ಷ ದಾಟಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಕೆಲಸ ಬೇಡ ಅಂದುಬಿಡುತ್ತಿದ್ದೆ. ಆದರೆ ನಾನು ಬಿಲ್ ಬರೆದ ತಾರೀಖು ಬಿಟ್ಟು ಬ್ಯಾಂಕಿಗೆ ಹಣ ಬಂದ ತಾರೀಖನ್ನೇ ಹಿಡಿದು ಬರೆದೆ. ಆಗ ಚಿತ್ರವೇ ಬೇರೆಯಾಯಿತು. ಜುಲೈ, ಆಗಸ್ಟ್‌ನಲ್ಲಿ ಹಗಲೂ ರಾತ್ರಿ ಕೂತು ಮಾಡಿದ ದೀಪಾವಳಿ ಬಾಕ್ಸುಗಳ ಹಣ ಬಂದದ್ದು ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಮೂರು ತಿಂಗಳಲ್ಲಿ ಬಂದದ್ದು ತಿಂಗಳಿಗೆ 35 ಸಾವಿರದ ಆಸುಪಾಸು. ಮನೆ ಖರ್ಚಿನಲ್ಲಿ ನನ್ನ ಪಾಲು 55 ಸಾವಿರ. ಮೇಲಾಗಿ ಪ್ರತಿ ಬಿಲ್ಲಿನಲ್ಲೂ ಶೇ. 10 ಟಿಡಿಎಸ್ ಹಿಡಿಯುತ್ತಾರೆ. ಅದು ವಾಪಸ್ ಬರುವುದು ರಿಟರ್ನ್ ಹಾಕಿದ ಮೇಲೆ. ನನ್ನಂಥ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ. ದೂರು ಕೊಟ್ಟರೆ ಆ ಗಿರಾಕಿ ಮತ್ತೆ ಫೋನ್ ಎತ್ತುವುದಿಲ್ಲ, ಅಷ್ಟೆ.

ಸರಾಸರಿಯನ್ನು ನಂಬಬೇಡಿ. ಸತತ ಮೂರು ಕೆಟ್ಟ ತಿಂಗಳು ಹೇಗಿದ್ದವು ಅಂತ ನೋಡಿ. ಸ್ಥಿರತೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಹಣದ ಲೆಕ್ಕ ಮುಗಿದರೂ ಮನಸ್ಸು ಒಪ್ಪಿರಲಿಲ್ಲ. ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರು, ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಸಂಜೆ ಚಹಾಕ್ಕೆ ಬಂದವರು ಎಲ್ಲ ಕೇಳಿ, "ಅದೆಲ್ಲ ಇರಲಿ ಮಾರಾಯ್ತಿ, ಈಗ ನಿನ್ನ ಕೆಲಸ ತಿದ್ದುವವರು ಯಾರಿದ್ದಾರೆ?" ಅಂದರು.

ಯಾರೂ ಇರಲಿಲ್ಲ. ಮಸಾಲೆ ಪೌಚನ್ನು ಗ್ರಾವ್ಯೂರ್ ಅನ್ನುವ ವಿಧಾನದಲ್ಲಿ ಮುದ್ರಿಸುತ್ತಾರೆ. ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯಬೇಕು. ಪಾರದರ್ಶಕ ಫಿಲ್ಮ್ ಆದ್ದರಿಂದ ಬಣ್ಣಗಳ ಹಿಂದೆ ಬಿಳಿಯ ಪದರವೂ ಬೇಕು. ಆ ಬಿಳಿ ತೆಳುವಾದರೆ ಕೆಂಪು ಮಂಕಾಗುತ್ತದೆ. ಇದು ಗೊತ್ತಾಗುವುದು ಪ್ರೆಸ್‌ನಲ್ಲಿ ನಿಂತಾಗ. ನಾನು ಮನೆಯಿಂದ ಫೈಲ್ ಕಳಿಸುತ್ತಿದ್ದೆ, ಮುಂದೆ ಏನಾಯಿತು ಅಂತ ಯಾರೂ ಹೇಳುತ್ತಿರಲಿಲ್ಲ. ಗಿರಾಕಿಗಳೂ "ಹೋದ ಸಲದ ಥರಾನೇ ಮಾಡಿ" ಅನ್ನುತ್ತಿದ್ದರು. ಆದಾಯ ಏರುತ್ತಿತ್ತು, ಕೈ ಬೆಳೆಯುತ್ತಿರಲಿಲ್ಲ. ಕಂಪನಿಗೆ ಫೋನ್ ಮಾಡಿ, ಡಿಸೈನರುಗಳು ಪ್ರೆಸ್‌ಗೆ ಹೋಗುತ್ತಾರಾ ಅಂತ ಕೇಳಿದೆ. ಪ್ರತಿ ಹೊಸ ಪ್ಯಾಕಿಗೂ ಹೋಗಲೇಬೇಕು ಅಂದರು.

ಉಳಿದದ್ದು ಮೈಯ ಪ್ರಶ್ನೆ. ಯೋಚಿಸುತ್ತ ಕೂತರೆ ಉತ್ತರ ಸಿಗುವಂಥದ್ದಲ್ಲ ಅದು. ಹೋಗಿಯೇ ನೋಡಿದೆ. ಬೆಳಗ್ಗೆ ಎಂಟರ ಸುಮಾರಿಗೆ ಫಾಸ್ಟ್ ಲೋಕಲ್ ಹತ್ತಿ, ದಾದರ್‌ನಲ್ಲಿ ಇಳಿದು, ಸ್ಲೋ ಹಿಡಿದು ಕರಿ ರೋಡ್‌ಗೆ, ಅಲ್ಲಿಂದ ನಡಿಗೆ. ಸಂಜೆ ಅದೇ ಗದ್ದಲದಲ್ಲಿ ವಾಪಸ್. ಮನೆಗೆ ಬಂದು ಊಟ ಮಾಡಿ ಸ್ಕೆಚ್‌ಬುಕ್ ತೆಗೆದೆ. ಮೊದಲ ದಿನ ಅರ್ಧ ಗಂಟೆ ಗೀಚಿದೆ. ಮಾರನೇ ದಿನವೂ ಹೋಗಿಬಂದೆ, ಅವತ್ತು ಪೆನ್ಸಿಲ್ ಮುಟ್ಟಲಿಲ್ಲ. ವಾರಕ್ಕೆ ಐದು ದಿನ ಇದು ನನ್ನಿಂದಾಗದು ಅಂತ ಸ್ಪಷ್ಟವಾಯಿತು. ಮೂರು ದಿನವಾದರೆ ಆದೀತು.

ಕೊನೆಗೆ ಎಚ್‌ಆರ್‌ಗೆ ಬರೆದದ್ದು ಎರಡು ವಿಷಯ. ಬುಧವಾರ, ಶುಕ್ರವಾರ ಮನೆಯಿಂದ ಕೆಲಸ. ಮತ್ತು ನನ್ನ ಹಳೆಯ ಚಹಾ ಗಿರಾಕಿಯನ್ನು ಉಳಿಸಿಕೊಳ್ಳಲು ಅನುಮತಿ. ಇದನ್ನು ಕೇಳಲೇಬೇಕಿತ್ತು. ಹೊರಗಿನ ಕೆಲಸ ಮಾಡಬಾರದು ಅಂತ ಪತ್ರದಲ್ಲೇ ಇತ್ತು, ನೋಟಿಸ್ ಅವಧಿ 90 ದಿನ. ಕೆಲಸ ಒಗ್ಗದಿದ್ದರೆ ಬಿಟ್ಟು ಬರಲೇ ಮೂರು ತಿಂಗಳು, ಬಂದ ಮೇಲೆ ಗಿರಾಕಿಗಳೂ ಇರುವುದಿಲ್ಲ.

ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಇಲ್ಲ ಅಂದರು, ಆದರೆ ನೋಟಿಸ್ ಅವಧಿಯನ್ನು 60 ದಿನಕ್ಕೆ ಇಳಿಸಿದರು. ಸೇರುತ್ತೇನೆ ಅಂತ ಉತ್ತರ ಕಳಿಸಿದೆ. ಚಹಾ ಕಂಪನಿಯ ಫೈಲುಗಳನ್ನೆಲ್ಲ ಮಾಟುಂಗಾದ ಗೆಳತಿಗೆ ಒಪ್ಪಿಸಿದೆ. ಆಕೆಯೂ ಮನೆಯಿಂದಲೇ ಡಿಸೈನ್ ಮಾಡುವವಳು. ಮೊದಲ ಬಿಲ್ಲಿಗೇ ಅರ್ಧ ಮುಂಗಡ ಕೇಳು ಅಂತ ಹೇಳಿಕೊಟ್ಟಿದ್ದೇನೆ.