ಕ್ವಾರಿಡಾರ್ ಲಾಗ್: ಹೆಜ್ಜೆ ಇಡೋದಾ, ಗೋಡೆ ಇಡೋದಾ?

ಕ್ವಾರಿಡಾರ್ ಆಟದ ಬೋರ್ಡ್ ಮಾಡಿ ಮುಗಿಯಿತು. ಸಕಲೇಶಪುರದ ಕಾಫಿ ತೋಟದಿಂದ ಬಂದ ಸಿಲ್ವರ್ ಓಕ್ ಹಲಗೆಯನ್ನು ಹಾಸನದಲ್ಲೇ ಕೊಯ್ಯಿಸಿ ಮಾಡಿದ್ದು. ಒಂದೊಂದು ಮನೆ 30 ಮಿಲಿಮೀಟರ್, ನಡುವಿನ ಸಂದು 5 ಮಿಲಿಮೀಟರ್. ಒಂದು ಗೋಡೆ ಎರಡು ಮನೆ ಮತ್ತು ಒಂದು ಸಂದನ್ನು ಮುಚ್ಚಬೇಕು, ಅಂದರೆ 65. ನಾನು 64ಕ್ಕೆ ಕತ್ತರಿಸಿದೆ. ಮಳೆಗಾಲದಲ್ಲಿ ಮರ ಉಬ್ಬಿದರೂ ಎರಡು ಗೋಡೆ ಸಾಲಾಗಿ ಕೂರಲಿ ಅಂತ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮಿರ್ಕೋ ಮಾರ್ಕೆಸಿ ರೂಪಿಸಿದ ಇದನ್ನು ಫ್ರಾನ್ಸಿನ ಗಿಗಾಮಿಕ್ ಕಂಪನಿ 1997ರಲ್ಲಿ ತಂದಿತು. 9 ಸಾಲು, 9 ಕಂಬ. ಇಬ್ಬರಿಗೂ ಒಂದೊಂದು ಕಾಯಿ, ಹತ್ತತ್ತು ಗೋಡೆ. ಎದುರಿನ ಅಂಚನ್ನು ಮೊದಲು ಮುಟ್ಟಿದವರು ಗೆದ್ದರು. ನಿಮ್ಮ ಸರದಿ ಬಂದಾಗ ಒಂದು ಮನೆ ನಡೆಯಬಹುದು, ಇಲ್ಲವೇ ಒಂದು ಗೋಡೆ ಇಡಬಹುದು. ಎರಡೂ ಇಲ್ಲ. ಇಟ್ಟ ಗೋಡೆ ಮತ್ತೆ ತೆಗೆಯುವಂತಿಲ್ಲ. ಯಾರ ದಾರಿಯನ್ನೂ ಪೂರ್ತಿ ಮುಚ್ಚುವಂತೆಯೂ ಇಲ್ಲ.

ಈಗ ನಾನು ಹಿಡಿದಿರುವ ಕೆಲಸ ಒಂದೇ. ಹೆಜ್ಜೆ ಯಾವಾಗ, ಗೋಡೆ ಯಾವಾಗ? ಅಕ್ಕನ ಮಗಳು ಕರಿ ಕಾಯಿ ಹಿಡಿಯುತ್ತಾಳೆ, ನಾನು ಬಿಳಿ. ಪ್ರತಿ ಸರದಿಯಲ್ಲೂ ಇಬ್ಬರ ದೂರವನ್ನೂ ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ. ದೂರ ಅಂದರೆ ಗುರಿಯ ಸಾಲಿಗೆ ಅತಿ ಹತ್ತಿರದ ದಾರಿಯಲ್ಲಿ ಎಷ್ಟು ಹೆಜ್ಜೆ ಅನ್ನೋದು. ಗೋಡೆ ಜಾಸ್ತಿಯಾದ ಮೇಲೆ ಕಣ್ಣಳತೆ ಸಾಲದು. ಗುರಿಯ ಸಾಲಿನ ಮನೆಗಳಿಗೆಲ್ಲ ಸೊನ್ನೆ, ಅಲ್ಲಿಂದ ಒಂದು ಹೆಜ್ಜೆಯವಕ್ಕೆ ಒಂದು, ಹೀಗೆ ಹಿಂದಕ್ಕೆ ಬರೆಯುತ್ತಾ ಬಂದರೆ ಕಾಯಿ ನಿಂತ ಮನೆಯ ಅಂಕಿ ತಾನಾಗಿ ಸಿಗುತ್ತದೆ.

ಲೆಕ್ಕದ ಮೊದಲ ಫಲ ಇದು. ಒಂದು ಹೆಜ್ಜೆ ಇಟ್ಟರೆ ನನ್ನ ದೂರ ಒಂದು ಕಡಿಮೆಯಾಗುತ್ತದೆ, ಖರ್ಚು ಏನಿಲ್ಲ. ಎದುರಾಳಿಗೆ ಒಂದೇ ಹೆಜ್ಜೆ ಸುತ್ತು ಕೊಡುವ ಗೋಡೆಯೂ ಓಟದಲ್ಲಿ ಅಷ್ಟೇ ಲಾಭ ತರುತ್ತದೆ, ಆದರೆ ಒಂದು ಗೋಡೆ ಕೈಬಿಟ್ಟು ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಗೋಡೆ ಎರಡು ಅಥವಾ ಜಾಸ್ತಿ ಹೆಜ್ಜೆ ಸುತ್ತಿಸಬೇಕು. ಅದೇ ಗೋಡೆ ನನ್ನನ್ನೂ ಸುತ್ತಿಸಿದರೆ ಅಷ್ಟನ್ನು ಕಳೆಯಬೇಕು. ಅವಳಿಗೆ ಮೂರು, ನನಗೆ ಎರಡು ಅಂದರೆ ನಿವ್ವಳ ಒಂದೇ. ಆಗ ಸುಮ್ನೆ ನಡೆಯೋದೇ ಮೇಲು.

ಈ ನಿಯಮ ಮುರಿದು ಬೀಳುವ ಒಂದು ಜಾಗ ಇದೆ. ಈ ಸಲದ ಬರಹ ಅದರ ಬಗ್ಗೆಯೇ.

ಎರಡು ಕಾಯಿಗಳು ಅಕ್ಕಪಕ್ಕದ ಮನೆಯಲ್ಲಿ ಮುಖಾಮುಖಿಯಾದರೆ, ಸರದಿ ಇರುವವರು ಎದುರಿನ ಕಾಯಿಯನ್ನು ಹಾರಿ ಅದರ ಆಚೆ ಮನೆಗೆ ಹೋಗಬಹುದು. ಒಂದೇ ಸರದಿಗೆ ಎರಡು ಮನೆ! ಕಂಬಗಳನ್ನು ಎ ಇಂದ ಐ ತನಕ, ಸಾಲುಗಳನ್ನು ಬಿಳಿಯ ಕಡೆಯಿಂದ 1ರಿಂದ 9 ತನಕ ಹೆಸರಿಸಿ. ಬಿಳಿ ಇ1ರಲ್ಲಿ, ಕರಿ ಇ9ರಲ್ಲಿ ಶುರು. ಯಾರೂ ಗೋಡೆ ಇಡದೆ ನೇರ ನಡೆದರೆ ಮೊದಲು ಹೊರಟ ಬಿಳಿಯೇ ಗೆಲ್ಲಬೇಕು ಅನ್ನಿಸುತ್ತದೆ, ಅಲ್ವಾ? ಇಲ್ಲ. ಮೂರು ಮೂರು ಹೆಜ್ಜೆ ಆದ ಮೇಲೆ ಬಿಳಿ ಇ4, ಕರಿ ಇ6, ನಡುವೆ ಒಂದು ಖಾಲಿ ಮನೆ, ಸರದಿ ಬಿಳಿಯದು. ಬಿಳಿ ಇ5ಕ್ಕೆ ಹೋದರೆ ಕರಿ ಹಾರಿ ಇ4ಕ್ಕೆ ಬರುತ್ತದೆ. ಈಗ ಬಿಳಿಗೆ ಇನ್ನೂ ನಾಲ್ಕು, ಕರಿಗೆ ಮೂರೇ. ಬಿಳಿ ಸೋತಿತು.

ಅಂದರೆ ಇ4ರಲ್ಲಿ ನಿಂತ ಬಿಳಿಗೆ ಹೆಜ್ಜೆಯೇ ದುಬಾರಿ. ಇಲ್ಲಿ ಒಂದೇ ಹೆಜ್ಜೆ ಸುತ್ತಿಸುವ ಗೋಡೆಯೂ ಸಾಕು. ನಾನು ನನ್ನ ಕಾಯಿಯ ಬೆನ್ನ ಹಿಂದೆ, 3 ಮತ್ತು 4ನೇ ಸಾಲಿನ ನಡುವೆ, ಇ ಮತ್ತು ಎಫ್ ಕಂಬ ಮುಚ್ಚುವಂತೆ ಅಡ್ಡ ಗೋಡೆ ಇಟ್ಟೆ. ನನ್ನ ದೂರ ಐದೇ ಉಳಿಯಿತು. ಕರಿ ಐದರಿಂದ ಆರಕ್ಕೆ ಏರಿತು, ಡಿ ಕಂಬಕ್ಕೆ ಸರಿಯಬೇಕಲ್ಲ. ಮುಖ್ಯ ಅಂದರೆ, ಈಗ ಸರದಿ ಅವಳದು. ಅವಳು ಇ5ಕ್ಕೆ ಬಂದರೆ ನಾನೇ ಹಾರಿ ಇ6ಕ್ಕೆ ಹೋಗುತ್ತೇನೆ, ನನಗೆ ಮೂರು, ಅವಳಿಗೆ ಐದು. ಡಿ6ಕ್ಕೆ ಸರಿದರೆ ಇಬ್ಬರಿಗೂ ಐದೈದು, ಸರದಿ ನನ್ನದು, ನೇರ ಓಟದಲ್ಲಿ ನಾನೇ ಮುಂದೆ. ಹೆಜ್ಜೆ ಇಟ್ಟಿದ್ದರೆ ನಾಲ್ಕಕ್ಕೆ ಮೂರು ಅಂತ ಸೋಲುತ್ತಿದ್ದ ಆಟ ಇದು.

ಇಂಥ ಜಾಗವನ್ನು ಗುರುತಿಸೋದು ಸುಲಭ. ಒಂದೇ ಕಂಬದಲ್ಲಿ ಎದುರೆದುರು, ನಡುವೆ ಒಂದು, ಮೂರು ಅಥವಾ ಐದು ಖಾಲಿ ಮನೆ, ಸರದಿ ನಿಮ್ಮದು ಅಂದರೆ ಹಾರೋ ಅವಕಾಶ ಅವರದು. ಖಾಲಿ ಮನೆ ಎರಡು ಅಥವಾ ನಾಲ್ಕಿದ್ದರೆ ನಿಮ್ಮದು. ಇ4 ತನಕ ಹೋಗಿಯೇ ಗೋಡೆ ಇಡಬೇಕು ಅಂತೇನಿಲ್ಲ. ಆದರೆ ಹತ್ತಿರ ಹೋದಷ್ಟೂ ಒಂದೇ ಗೋಡೆ ಎರಡು ಕೆಲಸ ಮಾಡುತ್ತದೆ, ಸುತ್ತೂ ಕೊಡುತ್ತದೆ, ಸರದಿಯನ್ನೂ ದಾಟಿಸುತ್ತದೆ.

ಅಕ್ಕನ ಮಗಳು ಇದಕ್ಕೆ ತಕ್ಷಣ ಉತ್ತರ ಕಂಡುಕೊಂಡಳು. "ಮಾಮ, ನಾನೂ ನನ್ನ ಬೆನ್ನ ಹಿಂದೆ ಇಡ್ತೀನಿ, ಈಗ ನೀನು ನಡಿ" ಅಂದಳು. 6 ಮತ್ತು 7ನೇ ಸಾಲಿನ ನಡುವೆ ಅವಳ ಗೋಡೆ. ಈಗ ಇಬ್ಬರಿಗೂ ಆರಾರು, ಸರದಿ ಮತ್ತೆ ನನ್ನದು.

ಇಲ್ಲಿ ಗೋಡೆ ಯಾವ ಕಡೆಗೆ ಚಾಚಿದೆ ಅನ್ನೋದೇ ಎಲ್ಲ. ಅವಳು ಡಿ–ಇ ಮುಚ್ಚಿದರೆ ನಾನು ಎಫ್ ಕಡೆ ಹೊರಡುತ್ತೇನೆ, ಅವಳು ಡಿ ಕಡೆ. ಕಂಬ ಬೇರೆಯಾಯಿತು, ಮುಖಾಮುಖಿ ಇಲ್ಲ, ಹಾರೋದಿಲ್ಲ, ಸರದಿ ಮೊದಲಿದ್ದ ನನಗೇ ಲಾಭ. ಇ–ಎಫ್ ಮುಚ್ಚಿದರೆ ಮಾತ್ರ ನಾನೂ ಡಿ ಕಡೆಗೇ ಹೋಗಬೇಕು. ನಾನು ಡಿ4, ಅವಳು ಡಿ6, ನಡುವೆ ಒಂದು ಖಾಲಿ ಮನೆ, ಸರದಿ ನನ್ನದು. ಅದೇ ಇಕ್ಕಟ್ಟು, ಒಂದು ಕಂಬ ಪಕ್ಕಕ್ಕೆ! ಅವಳು ಇಟ್ಟಿದ್ದು ಇ–ಎಫ್. ನೋಡಿ ಖುಷಿಯಾಯಿತು.

ಡಿ4ರಿಂದ ಮುಂದಿನ ಗೋಡೆ ಇನ್ನೂ ಬೆಲೆಯುಳ್ಳದ್ದು. 3 ಮತ್ತು 4ರ ನಡುವೆಯೇ ಸಿ–ಡಿ ಮುಚ್ಚಿದರೆ ಹಳೆಯ ಗೋಡೆಗೆ ಸೇರಿ ಸಿ ಇಂದ ಎಫ್ ತನಕ ಒಂದೇ ಉದ್ದನೆಯ ತಡೆಯಾಗುತ್ತದೆ. ಡಿ6ರಲ್ಲಿರುವ ಅವಳು ಬಿ ತನಕ ಸರಿಯಬೇಕು, ಐದು ಇದ್ದದ್ದು ಏಳಾಯಿತು. ಒಂಟಿ ಗೋಡೆಗೆ ಒಂದು ಹೆಜ್ಜೆ, ಅದಕ್ಕೆ ಅಂಟಿಸಿದ ಎರಡನೆಯದಕ್ಕೆ ಎರಡು. ಈ ಕಾರಣಕ್ಕೇ ನಾನು ಗೋಡೆಗಳನ್ನು ಚೆಲ್ಲಾಪಿಲ್ಲಿ ಇಡೋದಿಲ್ಲ.

ಅವಳು ಅದನ್ನೂ ಕನ್ನಡಿಯಂತೆ ನಕಲು ಮಾಡಬಹುದು, ಮಾಡಿದಳು ಕೂಡ. ಏಳು, ಏಳು, ಸರದಿ ನನ್ನದು. ಹೀಗೇ ಹೋದರೆ ಕೊನೆಗೆ ಇಬ್ಬರ ಗೋಡೆಯೂ ಮುಗಿದು ನಾನೇ ಮೊದಲು ನಡೆಯಬೇಕಾಗುತ್ತದೆ. ನಕಲು ಮುರಿಯಲೇಬೇಕು.

ದಾರಿ ನಡು ಸಾಲಿನಲ್ಲಿದೆ. ಅವಳ ಕನ್ನಡಿ ನಿಂತಿರುವುದು 5ನೇ ಸಾಲಿನ ಮೇಲೆ. ಡಿ ಮತ್ತು ಇ ಕಂಬದ ನಡುವೆ, 4 ಮತ್ತು 5ನೇ ಸಾಲನ್ನು ಹಿಡಿದು ಒಂದು ನಿಲುವು ಗೋಡೆ ಇಟ್ಟರೆ, ಅದರ ನಕಲು 5 ಮತ್ತು 6ನೇ ಸಾಲನ್ನು ಹಿಡಿಯಬೇಕು. ಆದರೆ 5ನೇ ಸಾಲಿನ ಆ ಸಂದು ಆಗಲೇ ತುಂಬಿದೆ. ನಕಲು ಇಡಲು ಜಾಗವೇ ಇಲ್ಲ. ಈ ಗೋಡೆ ಯಾರ ದೂರವನ್ನೂ ಬದಲಿಸೋದಿಲ್ಲ, ಮೊದಲ ಲೆಕ್ಕದ ಪ್ರಕಾರ ಅದರ ಬೆಲೆ ಸೊನ್ನೆ. ಆದರೂ ಸರದಿ ಅವಳ ಕಡೆ ಹೋಯಿತು, ಅವಳು ಸ್ವಂತವಾಗಿ ಇನ್ನೊಂದು ಗೋಡೆ ಹುಡುಕಬೇಕು, ಇಲ್ಲವೇ ನಡೆಯಬೇಕು.

ಇಲ್ಲಿಗೆ ನಿಲ್ಲಿಸಿದ್ದೇವೆ. ನನ್ನ ಕೈಯಲ್ಲಿ ಏಳು ಗೋಡೆ, ಅವಳ ಕೈಯಲ್ಲಿ ಎಂಟು, ಸರದಿ ಅವಳದು. ಬೋರ್ಡನ್ನು ಹಾಗೇ ಬೀರುವಿನ ಮೇಲೆ ಎತ್ತಿಟ್ಟಿದ್ದೇನೆ. ಭಾನುವಾರ ಬಂದು ಆಡುತ್ತಾಳೆ.